ಪವರ್ ಪ್ರೆಸ್ ಸುರಕ್ಷತಾ ವಿಡಿಯೊ ಸ್ಕ್ರಿಪ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಶೀಟ್ ಮೆಟಲ್ ಘಟಕಗಳಲ್ಲಿ ಇವತ್ತಿಗೂ ಕೆಲಸ ಮಾಡುತ್ತಿರುವ ಕೀ ಕ್ಲಚ್ ಪವರ್ ಪ್ರೆಸ್ಸನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ವಿಡಿಯೊದ ವಿಷಯ ಒಂದೇ: ತಗಡಿಗೆ ಆಕಾರ ಕೊಡುವ ಅಚ್ಚಾದ ಡೈಯಲ್ಲಿ ಪೀಸ್ ಸಿಕ್ಕಿಹಾಕಿಕೊಂಡಾಗ ಅದನ್ನು ಹೇಗೆ ತೆಗೆಯಬೇಕು. ಪ್ರೆಸ್‌ನ ಎಲ್ಲ ಅಪಾಯಗಳನ್ನೂ ಒಂದೇ ವಿಡಿಯೊಗೆ ತುರುಕಲು ಹೋದರೆ ನೋಡಿದವರಿಗೆ ಒಂದೂ ನೆನಪಿರುವುದಿಲ್ಲ.

ಮೋಟರ್ ಆಫ್ ಮಾಡಿದ ಮೇಲೂ ಪ್ರೆಸ್ ಹೊಡೆಯುತ್ತದೆಯೇ?

ಹೊಡೆಯುತ್ತದೆ. ಇಡೀ ವಿಡಿಯೊ ನಿಂತಿರುವುದೇ ಈ ಒಂದು ಮಾತಿನ ಮೇಲೆ, ಆದ್ದರಿಂದ ಸ್ಕ್ರಿಪ್ಟ್ ಬರೆಯುವವರಿಗೆ ಇದರ ಒಳಗುಟ್ಟು ಗೊತ್ತಿರಲೇಬೇಕು.

ಮೋಟರ್ ನೇರವಾಗಿ ತಗಡಿನ ಮೇಲೆ ಹೊಡೆಯುವ ಭಾಗವಾದ ರ‍್ಯಾಮನ್ನು ಕೆಳಗಿಳಿಸುವುದಿಲ್ಲ. ಅದರ ಕೆಲಸ ಬೆಲ್ಟ್ ಮೂಲಕ ಫ್ಲೈವೀಲ್ ಎಂಬ ಭಾರದ ಚಕ್ರವನ್ನು ತಿರುಗಿಸುತ್ತಿರುವುದು ಮಾತ್ರ. ಆಪರೇಟರ್ ಪೆಡಲ್ ತುಳಿದಾಗ ಕ್ಲಚ್ಚಿನ ಕೀ ತಿರುಗಿ ಫ್ಲೈವೀಲನ್ನೂ ಕ್ರ್ಯಾಂಕ್ ಶಾಫ್ಟನ್ನೂ ಜೋಡಿಸುತ್ತದೆ. ಆಗ ರ‍್ಯಾಮ್ ಒಂದು ಸುತ್ತು ಪೂರ್ತಿ ಇಳಿದು ಏರುತ್ತದೆ. ಜೋಡಣೆ ಒಮ್ಮೆ ಆಯಿತೆಂದರೆ ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಪೆಡಲಿನಿಂದ ಕಾಲು ತೆಗೆದರೂ ಆ ಸುತ್ತು ಮುಗಿದೇ ಮುಗಿಯುತ್ತದೆ.

ಈಗ ಮೋಟರ್ ಆಫ್ ಮಾಡಿ ನೋಡಿ. ಫ್ಲೈವೀಲ್ ಆ ಕ್ಷಣಕ್ಕೆ ನಿಲ್ಲುವುದಿಲ್ಲ, ತನ್ನ ಭಾರಕ್ಕೆ ತಾನೇ ತಿರುಗುತ್ತಿರುತ್ತದೆ. ಪೆಡಲಿನಿಂದ ಕ್ಲಚ್ಚಿಗೆ ಇರುವುದು ಕಬ್ಬಿಣದ ರಾಡು, ವೈರಲ್ಲ. ಹಾಗಾಗಿ ಕರೆಂಟ್ ಇಲ್ಲದಿದ್ದರೂ ಯಾರಾದರೂ ಪೆಡಲ್ ತುಳಿದರೆ, ಅಥವಾ ಪೆಡಲಿನ ಮೇಲೆ ಏನಾದರೂ ಬಿದ್ದರೆ, ರ‍್ಯಾಮ್ ಇಳಿಯುತ್ತದೆ. ಕೀ ಅಥವಾ ಅದರ ಸ್ಪ್ರಿಂಗ್ ಸವೆದಿದ್ದರೆ ಯಾರೂ ತುಳಿಯದೆಯೂ ಇಳಿಯಬಹುದು. ಶಾಪ್‌ನಲ್ಲಿ ಇದಕ್ಕೆ ‘ಡಬಲ್ ಹೊಡೀತು’ ಅನ್ನುತ್ತಾರೆ.

ಎಷ್ಟು ಬಲ ಅಂದರೆ, 150 ಕೆಜಿ ತೂಕದ, ಭಾರವೆಲ್ಲ ಅಕ್ಷದಿಂದ ಸುಮಾರು 35 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಬಹುದಾದ ಫ್ಲೈವೀಲ್ ನಿಮಿಷಕ್ಕೆ 200 ಸುತ್ತು ತಿರುಗುತ್ತಿದ್ದರೆ ಅದರಲ್ಲಿ ಸುಮಾರು 4,000 ಜೂಲ್ ಶಕ್ತಿ ಇರುತ್ತದೆ. 50 ಕೆಜಿ ಸಿಮೆಂಟ್ ಮೂಟೆ 8 ಮೀಟರ್ ಮೇಲಿಂದ ಬಿದ್ದಷ್ಟು. ಸ್ಕ್ರಿಪ್ಟ್‌ನಲ್ಲಿ ಜೂಲ್ ಬೇಡ, ಸಿಮೆಂಟ್ ಮೂಟೆ ಸಾಕು.

ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಆಗುವುದಿಲ್ಲವೇ?

ಈ ಬಗೆಯ ಹಳೆಯ ಪ್ರೆಸ್‌ಗಳಲ್ಲಿ ಕೆಂಪು ಬಟನ್ ಮೋಟರಿನ ಕಾಂಟ್ಯಾಕ್ಟರನ್ನು ಬಿಡಿಸುತ್ತದೆ, ಅಷ್ಟೆ. ಪ್ಯಾನೆಲ್‌ಗೆ ಕರೆಂಟ್ ಬರುತ್ತಲೇ ಇರುತ್ತದೆ, ವೀಲ್ ತಿರುಗುತ್ತಲೇ ಇರುತ್ತದೆ. ಪಕ್ಕದವರು ಬಟನ್ ಮೇಲೆತ್ತಿ ಸ್ಟಾರ್ಟ್ ಒತ್ತಿದರೆ ಮೋಟರ್ ಮತ್ತೆ ಶುರು.

ಹಾಗಾದರೆ ವಿಡಿಯೊದಲ್ಲಿ ಯಾವ ಕ್ರಮ ತೋರಿಸಬೇಕು?

ರ‍್ಯಾಮ್ ಮೇಲೆ ನಿಂತಿದ್ದು ಪೀಸ್ ಕೆಳಗಿನ ಡೈಯಲ್ಲಿ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಮೊದಲು ಪೆಡಲಿನಿಂದ ಕಾಲು ತೆಗೆದು, ಮೋಟರ್ ಆಫ್ ಮಾಡಿ, ಅಕ್ಕಪಕ್ಕದವರಿಗೆ ‘ಪ್ರೆಸ್ ನಿಲ್ಲಿಸ್ತಾ ಇದೀನಿ’ ಎಂದು ಹೇಳಬೇಕು. ನಂತರ ಆ ಪ್ರೆಸ್‌ನ ಐಸೊಲೇಟರ್ ಅಥವಾ ಎಂಸಿಬಿಯನ್ನು ಕೆಳಗಿಳಿಸಿ, ತನ್ನದೇ ಬೀಗ ಹಾಕಿ, ಹೆಸರು ಮತ್ತು ಸಮಯ ಬರೆದ ಟ್ಯಾಗ್ ಕಟ್ಟಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಎಂಸಿಬಿಗೆ ನೇರವಾಗಿ ಬೀಗ ಹಾಕಲು ಬರುವುದಿಲ್ಲ. ಅದರ ಲಿವರನ್ನು ಕಚ್ಚಿ ಹಿಡಿಯುವ ಚಿಕ್ಕ ಕ್ಲಿಪ್ ಬೇಕು, ಅದನ್ನು ಕ್ಲೋಸಪ್‌ನಲ್ಲಿ ತೋರಿಸಿ.

ಆಮೇಲೆ ಕಾಯಬೇಕು. ಫ್ಲೈವೀಲ್ ಪೂರ್ತಿ ನಿಂತ ಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ, ಮೋಟರ್ ಅಲುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬೇರೆ ಪ್ರೆಸ್‌ನ ಎಂಸಿಬಿ ಇಳಿಸಿದ್ದರೆ ಗೊತ್ತಾಗುವುದು ಇಲ್ಲೇ. ಬಳಿಕ ರ‍್ಯಾಮಿನ ಕೆಳಗೆ, ಅದು ಜಾರದಂತೆ ತಡೆಯುವ ಸೇಫ್ಟಿ ಬ್ಲಾಕ್ ನಿಲ್ಲಿಸಿ, ಇಕ್ಕಳದಲ್ಲಿ ಪೀಸ್ ಎತ್ತಬೇಕು. ಡೈ ಕೆಳಗೆ ಏರ್ ಕುಶನ್ ಇದ್ದರೆ ಅದರ ಗಾಳಿಯನ್ನೂ ಮೊದಲೇ ಖಾಲಿ ಮಾಡಿರಬೇಕು.

ವಾಪಸ್ ಬರುವಾಗ ಇಕ್ಕಳ ಹೊರಗೆ, ಬ್ಲಾಕ್ ಹೊರಗೆ, ಗಾರ್ಡ್ ಜಾಗಕ್ಕೆ, ಜನ ದೂರ, ಕೊನೆಗೆ ಬೀಗ ತೆಗೆಯುವುದು. ಬ್ಲಾಕ್ ಒಳಗೇ ಮರೆತು ಪ್ರೆಸ್ ಚಾಲೂ ಮಾಡುವುದು ಅಪರೂಪದ ತಪ್ಪಲ್ಲ. ಅದಕ್ಕೇ ಬ್ಲಾಕಿಗೆ ಹಳದಿ ಬಣ್ಣ ಬಳಿದು, ಸರಪಳಿ ಹಾಕಿ ಪ್ರೆಸ್‌ನ ಪಕ್ಕದಲ್ಲೇ ನೇತುಹಾಕುತ್ತಾರೆ. ಕೊಕ್ಕೆ ಖಾಲಿ ಇದ್ದರೆ ಬ್ಲಾಕ್ ಒಳಗಿದೆ ಎಂದರ್ಥ.

ಪೆಡಲನ್ನೂ ಒಮ್ಮೆ ತುಳಿದು ಪರೀಕ್ಷೆ ಮಾಡಿದರೆ ಒಳ್ಳೆಯದಲ್ಲವೇ?

ಬೇಡ. ಸ್ಕ್ರಿಪ್ಟ್‌ನಲ್ಲಿ ಇದನ್ನು ಬಾಯಿಬಿಟ್ಟು ಹೇಳಿ. ಕೀ ಕ್ಲಚ್‌ನಲ್ಲಿ ವೀಲ್ ನಿಂತಿರುವಾಗ ಪೆಡಲ್ ತುಳಿದರೆ ರ‍್ಯಾಮ್ ಇಳಿಯುವುದಿಲ್ಲ, ಆದರೆ ಕೀ ಬಿಟ್ಟುಕೊಂಡು ಕಚ್ಚಲು ಸಿದ್ಧವಾಗಿರುತ್ತದೆ. ಮುಂದೆ ಮೋಟರ್ ಚಾಲೂ ಮಾಡಿದ ತಕ್ಷಣ, ಯಾರೂ ತುಳಿಯದೆಯೇ ಒಂದು ಹೊಡೆತ ಬೀಳುತ್ತದೆ. ಪರೀಕ್ಷೆಗೆ ಸ್ಟಾರ್ಟ್ ಬಟನ್ ಮತ್ತು ಕಣ್ಣು ಸಾಕು. ಪೆಡಲಿನ ಮೇಲೆ ಕಬ್ಬಿಣದ ಹೊದಿಕೆ ಇರಬೇಕು, ಇಲ್ಲದಿದ್ದರೆ ಅದನ್ನು ಮಾಡಿಸಿದ ಮೇಲೆ ಶೂಟಿಂಗ್ ಇಟ್ಟುಕೊಳ್ಳಿ.

ವೀಲ್ ನಿಲ್ಲಲು ಎಷ್ಟು ಹೊತ್ತು ಎಂದು ಬರೆಯಬೇಕು?

ಎಲ್ಲ ಪ್ರೆಸ್‌ಗೂ ಒಂದೇ ಅಂಕಿ ಇಲ್ಲ. ವೀಲಿನ ಭಾರ, ಬೇರಿಂಗ್, ಬೆಲ್ಟಿನ ಬಿಗಿ ನೋಡಿಕೊಂಡು ಬದಲಾಗುತ್ತದೆ. ನಿಮ್ಮ ಪ್ರೆಸ್ಸನ್ನು ಪೂರ್ತಿ ವೇಗಕ್ಕೆ ತಂದು, ಆಫ್ ಮಾಡಿ, ಗಡಿಯಾರ ಹಿಡಿದು ಮೂರು ಸಲ ಅಳೆಯಿರಿ. ಹೆಚ್ಚು ಬಂದ ಅಂಕಿಯನ್ನು ತೆಗೆದುಕೊಳ್ಳಿ. ಆದರೆ ಕಾರ್ಮಿಕರಿಗೆ ‘ಮೂರು ನಿಮಿಷ ಕಾಯಿರಿ’ ಎಂದು ಹೇಳಿಕೊಡಬೇಡಿ, ಏಕೆಂದರೆ ಅವಸರದಲ್ಲಿ ಒಂದು ನಿಮಿಷವೂ ಮೂರು ನಿಮಿಷದಂತೆ ಅನ್ನಿಸುತ್ತದೆ. ಬದಲಿಗೆ ವೀಲಿನ ಅಂಚಿಗೆ ಅಡ್ಡಲಾಗಿ ಒಂದು ಬಿಳಿ ಪಟ್ಟಿ ಬಳಿಸಿ. ತಿರುಗುವಾಗ ಅದು ಮಸುಕಾಗಿ ಕಾಣುತ್ತದೆ, ಕೊನೆಯ ಸುತ್ತುಗಳಲ್ಲಿ ಬಂದು ಬಂದು ಹೋಗುತ್ತದೆ, ನಿಂತಾಗ ನಿಲ್ಲುತ್ತದೆ. ‘ಪಟ್ಟಿ ನಿಂತಿತಾ?’ ಎಂಬ ಪ್ರಶ್ನೆ ಬಾಯಲ್ಲಿ ಉಳಿಯುತ್ತದೆ. ವೀಲಿನ ಗಾರ್ಡ್ ತಗಡಿನದ್ದಾಗಿದ್ದರೆ ಪಟ್ಟಿ ಕಾಣಲು ಒಂದು ಕಡೆ ಜಾಲರಿ ಹಾಕಿಸಬೇಕು.

ಒಂದು ಭಾಗದ ಸ್ಕ್ರಿಪ್ಟ್ ಹೇಗಿರುತ್ತದೆ, ತೋರಿಸುತ್ತೀರಾ?

ಭಾಗ 2, ‘ಆಫ್ ಆಯ್ತು, ನಿಂತಿಲ್ಲ’. ಮಂಜ ಬಂದು ಎರಡು ತಿಂಗಳಾದ ಆಪರೇಟರ್. ಶಿವಣ್ಣ ಪಕ್ಕದ ಪ್ರೆಸ್‌ನ ಹಳಬ. ಹೆಸರುಗಳು ಕಲ್ಪಿತ.

*ಚಿತ್ರ:* ಮಂಜನ ಕೈ ಮೋಟರ್ ಆಫ್ ಬಟನ್ ಒತ್ತುತ್ತದೆ. ಮೋಟರ್ ಸದ್ದು ಇಳಿಯುತ್ತದೆ. ಫ್ಲೈವೀಲ್ ಈ ಶಾಟ್‌ನಲ್ಲಿ ಕಾಣುವುದಿಲ್ಲ.
*ಮಂಜ:* ಶಿವಣ್ಣ, ಬ್ಲ್ಯಾಂಕು ಡೈಯಲ್ಲೇ ಸಿಕ್ಕಾಕೊಂಡೈತೆ. ಒಂದ್ನಿಮಿಷ, ಕೈ ಹಾಕಿ ಎತ್ಬಿಡ್ತೀನಿ.
*ಶಿವಣ್ಣ:* ಆಫ್ ಮಾಡ್ದಾ?
*ಮಂಜ:* ಮಾಡ್ದೆ ಅಣ್ಣ. ಸದ್ದೇ ಇಲ್ಲ ನೋಡು.
*ಚಿತ್ರ:* ಮಂಜನ ಕೈ ಡೈ ಕಡೆ ಚಾಚುತ್ತದೆ. ಡೈಗೆ ಒಂದು ಗೇಣು ದೂರದಲ್ಲಿ ಚಿತ್ರ ಸ್ತಬ್ಧ.
*ಧ್ವನಿ:* ಸದ್ದು ನಿಂತಿದೆ. ಪ್ರೆಸ್ ನಿಂತಿದೆಯಾ?
*ಚಿತ್ರ:* ಕ್ಯಾಮೆರಾ ನಿಧಾನವಾಗಿ ಮೇಲಕ್ಕೆ ಏರುತ್ತದೆ. ಫ್ಲೈವೀಲ್ ತಿರುಗುತ್ತಿದೆ, ಬಿಳಿ ಪಟ್ಟಿ ಮಸುಕು. 5 ಸೆಕೆಂಡ್ ಮೌನ.
*ಶಿವಣ್ಣ:* ಸದ್ದು ಕೇಳ್ಬೇಡ. ಪಟ್ಟಿ ನೋಡು.
*ಚಿತ್ರ:* ಪೆಡಲಿನಿಂದ ಕ್ಲಚ್‌ವರೆಗೆ ರಾಡಿನ ದಾರಿ, ಕೆಂಪು ಗೆರೆಯಲ್ಲಿ.
*ಧ್ವನಿ:* ಪೆಡಲಿಗೆ ಕರೆಂಟ್ ಬೇಕಾಗಿಲ್ಲ. ವೀಲ್ ತಿರುಗುತ್ತಿದ್ದರೆ ಸಾಕು.

ಮೊದಲ ಶಾಟ್‌ನಲ್ಲಿ ವೀಲ್ ಕಾಣದಂತೆ ಮಾಡಿದ್ದು ಬೇಕೆಂದೇ. ಡೈ ಮುಂದೆ ಬಗ್ಗಿ ನಿಂತ ಆಪರೇಟರಿಗೂ ಅದು ಕಾಣುವುದಿಲ್ಲ. ನೋಡುವವರು ಮಂಜನ ತಪ್ಪನ್ನೇ ಮನಸ್ಸಿನಲ್ಲಿ ಮಾಡಿ, ಆಮೇಲೆ ಸಿಕ್ಕಿಬೀಳಬೇಕು. ಮಂಜನನ್ನು ಪೆದ್ದನಂತೆಯೋ ಸೋಮಾರಿಯಂತೆಯೋ ಬರೆದರೆ ಈ ದೃಶ್ಯ ಕೆಟ್ಟಿತು. ಆಗ ಎಲ್ಲರೂ ‘ನಾನು ಅವನ ಥರ ಅಲ್ಲ’ ಎಂದುಕೊಂಡು ಆರಾಮಾಗಿ ಕೂರುತ್ತಾರೆ.

ಸನ್ನಿವೇಶ ನಿಜ ಅನ್ನಿಸಲು ಬರೆಯುವ ಮೊದಲು ಏನು ನೋಡಿಕೊಳ್ಳಬೇಕು?

ಕನಿಷ್ಠ ಎರಡು ಪಾಳಿ ಶಾಪ್‌ನಲ್ಲಿ ನಿಂತು ನೋಡಿ, ಅದರಲ್ಲಿ ಒಂದು ರಾತ್ರಿ ಪಾಳಿಯಾಗಿರಲಿ. ಒಂದು ಪಾಳಿಗೆ ಎಷ್ಟು ಸಲ ಪೀಸ್ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ಎಷ್ಟು ಸೆಕೆಂಡಿನಲ್ಲಿ ತೆಗೆಯುತ್ತಾರೆ, ಪ್ಯಾನೆಲ್ ಎಷ್ಟು ಹೆಜ್ಜೆ ದೂರ, ಬೀಗ ಎಲ್ಲಿದೆ, ಇಕ್ಕಳ ಕೈಗೆಟುಕುತ್ತದೆಯೇ, ಇಷ್ಟನ್ನು ಬರೆದುಕೊಳ್ಳಿ.

ಇಲ್ಲಿ ಒಂದು ಕಹಿ ಸಂಗತಿ ಎದುರಾಗುತ್ತದೆ. ಪೀಸನ್ನು ಕೈಯಿಂದ ಎತ್ತಲು 10 ಸೆಕೆಂಡ್, ಸರಿಯಾದ ಕ್ರಮದಲ್ಲಿ ಎತ್ತಲು 5 ನಿಮಿಷ. ಪಾಳಿಗೆ ಹನ್ನೆರಡು ಸಲ ಸಿಕ್ಕಿಕೊಂಡರೆ ಒಂದು ಗಂಟೆ ಉತ್ಪಾದನೆ ಹೋಯಿತು. ಟಾರ್ಗೆಟ್ ಹಾಗೇ ಇಟ್ಟು ವಿಡಿಯೊ ಮಾತ್ರ ತೋರಿಸಿದರೆ ಯಾರೂ ಅದನ್ನು ಪಾಲಿಸುವುದಿಲ್ಲ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ. ಅಂಥ ಕಡೆ ಮೊದಲು ಡೈ ರಿಪೇರಿಯಾಗಬೇಕು. ಎಜೆಕ್ಟರ್ ಸ್ಪ್ರಿಂಗ್ ಸೋತಿರುತ್ತದೆ, ಪಂಚ್‌ಗೂ ಡೈಗೂ ನಡುವಿನ ಸಂದು ಸವೆದು ಹೆಚ್ಚಾಗಿರುತ್ತದೆ, ಅಥವಾ ಶೀಟಿಗೆ ಎಣ್ಣೆ ಸಾಲದು. ಸಿಕ್ಕಿಕೊಳ್ಳುವುದು ಹನ್ನೆರಡರಿಂದ ಎರಡಕ್ಕೆ ಇಳಿದರೆ 5 ನಿಮಿಷ ಕೊಡಲು ಸೂಪರ್‌ವೈಸರಿಗೂ ಕಷ್ಟವಾಗುವುದಿಲ್ಲ.

ಬೀಗ, ಕ್ಲಿಪ್, ಟ್ಯಾಗ್, ಬ್ಲಾಕ್, ಇಕ್ಕಳ ಇವು ಪ್ರತಿ ಪ್ರೆಸ್‌ನ ಹತ್ತಿರ ಇಲ್ಲದ ಘಟಕದಲ್ಲಿ ಈ ವಿಡಿಯೊ ತೋರಿಸಬೇಡಿ. ತೆರೆಯ ಮೇಲೆ ಇರುವ ಬೀಗ ಕೈಯಲ್ಲಿ ಇಲ್ಲದಿದ್ದರೆ ‘ಇದೆಲ್ಲಾ ಆಡಿಟ್‌ಗೆ’ ಎಂಬ ಪಾಠವನ್ನಷ್ಟೇ ಜನ ಕಲಿಯುತ್ತಾರೆ.

ಭಾಗಗಳ ನಡುವಿನ ಪ್ರಶ್ನೆ ಹೇಗಿರಬೇಕು?

ಮೊದಲು ಕೆಟ್ಟ ಪ್ರಶ್ನೆ: ‘ಪೀಸ್ ತೆಗೆಯುವಾಗ ಸುರಕ್ಷತಾ ನಿಯಮ ಪಾಲಿಸಬೇಕೇ? ಹೌದು / ಇಲ್ಲ.’ ಇದಕ್ಕೆ ವಿಡಿಯೊ ನೋಡದವರೂ ನೂರಕ್ಕೆ ನೂರು ತೆಗೆಯುತ್ತಾರೆ.

ಭಾಗ 2 ಮುಗಿದ ಕೂಡಲೇ ಕೇಳಬಹುದಾದ ಪ್ರಶ್ನೆ ಇದು:

ಎಂಸಿಬಿಗೆ ಬೀಗ ಬಿದ್ದಿದೆ. ಕೀಲಿ ಮಂಜನ ಜೇಬಿನಲ್ಲಿದೆ. ಬಿಳಿ ಪಟ್ಟಿ ಇನ್ನೂ ಬಂದು ಬಂದು ಹೋಗುತ್ತಿದೆ. ಈಗ ಅವನು ಏನು ಮಾಡಬೇಕು?
ಎ. ಕರೆಂಟ್ ಇಲ್ಲವಲ್ಲ, ಇಕ್ಕಳದಲ್ಲಿ ಎತ್ತಬೇಕು.
ಬಿ. ಪಟ್ಟಿ ನಿಲ್ಲುವ ತನಕ ಕಾಯಬೇಕು.
ಸಿ. ಸೇಫ್ಟಿ ಬ್ಲಾಕ್ ಇಟ್ಟು ಎತ್ತಬೇಕು.

ಉತ್ತರ ಬಿ. ಆದರೆ ಪ್ರಶ್ನೆಯ ಜೀವ ಇರುವುದು ಸಿ ಆಯ್ಕೆಯಲ್ಲಿ. ಬ್ಲಾಕ್ ಇಡುವುದು ಸರಿಯಾದ ಹೆಜ್ಜೆಯೇ, ಸಮಯ ಮಾತ್ರ ತಪ್ಪು. ಬ್ಲಾಕ್ ಇರುವುದು ನಿಂತ ಪ್ರೆಸ್‌ನಲ್ಲಿ ರ‍್ಯಾಮ್ ತನ್ನ ತೂಕಕ್ಕೆ ಜಾರಿದರೆ ತಡೆಯಲು. ತಿರುಗುವ ವೀಲಿನ ಹೊಡೆತವನ್ನು ಅದು ತಾಳುವುದಿಲ್ಲ, ನಜ್ಜುಗುಜ್ಜಾಗಬಹುದು ಅಥವಾ ಸಿಡಿದು ಮುಖಕ್ಕೆ ಬರಬಹುದು. ಅದೂ ಅಲ್ಲದೆ ಬ್ಲಾಕ್ ಇಡಬೇಕೆಂದರೆ ಕೈ ಒಳಗೆ ಹೋಗಲೇಬೇಕು. ಉತ್ತರ ತೋರಿಸಿದ ಮೇಲೆ ಇದನ್ನು 20 ಸೆಕೆಂಡಿನಲ್ಲಿ ಹೇಳಿ. ‘ತಪ್ಪು ಉತ್ತರ’ ಎಂದು ಕೆಂಪು ಅಡ್ಡಗೆರೆ ಹೊಡೆದು ಮುಂದೆ ಹೋದರೆ ಯಾರೂ ಏನೂ ಕಲಿಯುವುದಿಲ್ಲ.

ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿರುವುದು ಪ್ರಶ್ನೆ ಬರೆಯುವವರ ಹಳೇ ರೋಗ. ಹುಡುಗರು ಎರಡನೇ ಪ್ರಶ್ನೆಗೇ ಅದನ್ನು ಹಿಡಿದುಬಿಡುತ್ತಾರೆ. ‘ಮೇಲಿನ ಎಲ್ಲವೂ’ ಎಂಬ ಆಯ್ಕೆಯೂ ಬೇಡ. ಭಾಗಕ್ಕೆ ಒಂದು ಪ್ರಶ್ನೆ, ಹೆಚ್ಚೆಂದರೆ ಎರಡು. ಯೋಚಿಸಲು 15 ಸೆಕೆಂಡ್ ಮೌನ ಬಿಡಿ, ಅಲ್ಲಿ ಸಂಗೀತ ಹಾಕಬೇಡಿ.

ಓದು ಬರಹ ಬಾರದವರು, ಕನ್ನಡ ಬಾರದವರು ಇದ್ದರೆ?

ಆಯ್ಕೆಗಳನ್ನು ಚಿತ್ರದಲ್ಲಿ ತೋರಿಸಿ, ಗಟ್ಟಿಯಾಗಿ ಓದಿಸಿ, ಉತ್ತರಕ್ಕೆ ಮೂರು ಬಣ್ಣದ ಕಾರ್ಡ್ ಕೊಡಿ. ಎಲ್ಲರೂ ಒಟ್ಟಿಗೆ ಎತ್ತಬೇಕು, ಇಲ್ಲದಿದ್ದರೆ ಪಕ್ಕದವನ ಕಾರ್ಡ್ ನೋಡಿ ಎತ್ತುತ್ತಾರೆ. ಬಿಹಾರ, ಒಡಿಶಾ, ಬಂಗಾಳದಿಂದ ಬಂದವರಿಗೆ ಅವರ ಭಾಷೆಯ ಧ್ವನಿಯಲ್ಲಿ ಬೇರೆ ಪ್ರತಿ ಬೇಕು. ಸಬ್‌ಟೈಟಲ್ ಮೇಲೆ ನೆಚ್ಚಿಕೊಳ್ಳಬೇಡಿ. ಸಂಭಾಷಣೆಯನ್ನು ಅನುವಾದಿಸುವಾಗ ರ‍್ಯಾಮ್, ಡೈ, ಪೆಡಲ್, ವೀಲ್ ಇವನ್ನು ಹಾಗೇ ಬಿಡಿ. ಎಲ್ಲ ಭಾಷೆಯವರೂ ಶಾಪ್‌ನಲ್ಲಿ ಅದನ್ನೇ ಅನ್ನುವುದು. ಕನ್ನಡ ಪ್ರತಿಯಲ್ಲೂ ‘ಗತಿಚಕ್ರ’ ಎಂದು ಬರೆದರೆ ಪ್ರೆಸ್ ಮುಂದೆ ನಿಂತವರಿಗೆ ಅದು ಯಾವುದು ಎಂದು ತಿಳಿಯದು.

ಉತ್ತರಗಳನ್ನು ನೋಡಿ ವಿಡಿಯೊ ತಿದ್ದುವುದು ಹೇಗೆ?

30 ಜನರ ಒಂದು ಬ್ಯಾಚ್ ಎಂದುಕೊಳ್ಳಿ. ಮೇಲಿನ ಪ್ರಶ್ನೆಗೆ 3 ಜನ ಎ, 13 ಜನ ಬಿ, 14 ಜನ ಸಿ ಎತ್ತಿದರು. ಎ ಕಡಿಮೆ ಬಂದಿದೆ ಎಂದರೆ ‘ಕರೆಂಟ್ ತೆಗೆದರೆ ಸಾಲದು’ ಎಂಬುದು ತಲುಪಿದೆ. ಸಿ ಅಷ್ಟೊಂದು ಬಂದಿದೆ ಎಂದರೆ ಬ್ಲಾಕ್ ಏನನ್ನು ತಾಳುತ್ತದೆ, ಏನನ್ನು ತಾಳುವುದಿಲ್ಲ ಎಂದು ವಿಡಿಯೊ ಹೇಳಿಲ್ಲ. ತಪ್ಪು ಕಾರ್ಮಿಕರದ್ದಲ್ಲ, ಸ್ಕ್ರಿಪ್ಟ್‌ನದ್ದು. ಆ ಭಾಗಕ್ಕೆ ಒಂದು ಶಾಟ್ ಸೇರಿಸಿ, ಮುಂದಿನ ಬ್ಯಾಚ್‌ಗೆ ಅದೇ ಪ್ರಶ್ನೆ ಕೇಳಿ ಹೋಲಿಸಿ. 30ಕ್ಕೆ 30 ಸರಿ ಬಂದರೆ ಹಿಗ್ಗುವ ಮೊದಲು ಪ್ರಶ್ನೆ ತೀರಾ ಸುಲಭವಾಯಿತೇ ನೋಡಿ.

ಒಂದು ತಿಂಗಳ ನಂತರ ಕಾರ್ಡ್ ಬಿಟ್ಟು ಪ್ರೆಸ್‌ನ ಹತ್ತಿರವೇ ಪರೀಕ್ಷೆ ಮಾಡಿ: ‘ಪೀಸ್ ಸಿಕ್ಕಿಕೊಂಡಿದೆ ಅಂದುಕೋ, ಮಾಡಿ ತೋರಿಸು.’ ಮಾತಾಡದೆ ನೋಡುತ್ತಿರಿ. ವೀಲ್ ಕಡೆ ಕತ್ತೆತ್ತಿ ನೋಡಿದನೇ ಎಂಬುದೊಂದನ್ನು ಗಮನಿಸಿದರೂ ಬೇಕಾದಷ್ಟು ತಿಳಿಯುತ್ತದೆ.

ಬೀಗ ಹಾಕಿದವರು ಪಾಳಿ ಮುಗಿಸಿ ಮನೆಗೆ ಹೋದರೆ?

ಇದನ್ನು ಕೊನೆಯ ಭಾಗದ ಸನ್ನಿವೇಶ ಮಾಡಿ, ದಿನವೂ ಏಳುವ ಪ್ರಶ್ನೆ ಇದು. ರೂಢಿಯ ನಿಯಮ: ಹಾಕಿದವರೇ ತೆಗೆಯಬೇಕು. ಪಾಳಿ ಬದಲಾಗುವಾಗ ಮುಂದಿನವರು ತಮ್ಮ ಬೀಗ ಹಾಕಿದ ಮೇಲೆ ಹಿಂದಿನವರು ತೆಗೆಯಬೇಕು. ಅದಕ್ಕೆ ಹಲವು ಬೀಗ ಹಿಡಿಯುವ ಕೊಂಡಿ ಬೇಕು. ಆದರೂ ಒಬ್ಬರು ಮರೆತು ಹೋದರೆ, ಅವರು ಕಾರ್ಖಾನೆಯೊಳಗೆ ಇಲ್ಲವೆಂದು ಗೇಟ್ ರಿಜಿಸ್ಟರ್ ನೋಡಿ, ಫೋನ್ ಮಾಡಿ ಖಚಿತಪಡಿಸಿಕೊಂಡು, ಪ್ರೆಸ್ಸನ್ನು ಸುತ್ತಲೂ ಪರೀಕ್ಷಿಸಿ, ಜವಾಬ್ದಾರಿ ಇರುವ ಮ್ಯಾನೇಜರ್ ಎದುರಿಗೇ ಬೀಗ ಕತ್ತರಿಸಬೇಕು. ಅವರು ಮರುದಿನ ಕೆಲಸಕ್ಕೆ ಕೈ ಹಾಕುವ ಮೊದಲು ‘ನಿನ್ನ ಬೀಗ ತೆಗೆದಿದ್ದೇವೆ’ ಎಂದು ಹೇಳಲೇಬೇಕು. ಹೇಳದಿದ್ದರೆ ಅವರು ಬೀಗ ಇದೆ ಎಂಬ ನಂಬಿಕೆಯಲ್ಲೇ ಕೈ ಒಳಗಿಡುತ್ತಾರೆ. ಸೂಪರ್‌ವೈಸರ್ ಹತ್ತಿರ ಎಲ್ಲ ಬೀಗಗಳ ಇನ್ನೊಂದು ಕೀಲಿ ಇರುವ ಪದ್ಧತಿಯನ್ನು ಸ್ಕ್ರಿಪ್ಟ್‌ನಲ್ಲಿ ಸರಿ ಎಂಬಂತೆ ತೋರಿಸಬೇಡಿ.

ಅಪಘಾತದ ದೃಶ್ಯ, ರಕ್ತ ತೋರಿಸಬೇಕೇ?

ಬೇಡ. ಆ ಶಾಟ್ ಬಂದಾಗ ಅರ್ಧ ಜನ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ, ಅದರ ಹಿಂದೆಯೇ ಬರುವ ಸರಿ ಕ್ರಮ ತಪ್ಪಿಹೋಗುತ್ತದೆ. ಕೈ ಕಳೆದುಕೊಂಡವರು ಆ ಕೋಣೆಯಲ್ಲೇ ಕೂತಿರಬಹುದು. ಬೇಕೆಂದರೆ ಬೀಗ ಬಿದ್ದು ನಿಂತ ಪ್ರೆಸ್‌ನ ಡೈ ನಡುವೆ ಬದನೆಕಾಯಿಯನ್ನೋ ಮರದ ತುಂಡನ್ನೋ ಇಟ್ಟು, ಜನ ದೂರ ಸರಿದ ಮೇಲೆ ಮೋಟರ್ ಚಾಲೂ ಮಾಡಿ ಆಫ್ ಮಾಡಿ, ವೀಲ್ ಇನ್ನೂ ತಿರುಗುತ್ತಿರುವಾಗ ದೂರದಿಂದ ಉದ್ದ ಕೋಲಿನಲ್ಲಿ ಪೆಡಲ್ ಒತ್ತಿ ತೋರಿಸಿ. ಅಷ್ಟಕ್ಕೇ ಕೋಣೆ ತಣ್ಣಗಾಗುತ್ತದೆ.

ತಪ್ಪು ದೃಶ್ಯಗಳನ್ನು ಚಿತ್ರೀಕರಿಸುವಾಗ ಅಪಾಯವಿಲ್ಲವೇ?

ಇದೆ. ಮಂಜನ ಪಾತ್ರದವರು ಡೈ ಕಡೆ ಕೈ ಚಾಚುವ ಶಾಟ್ ತೆಗೆಯುವಾಗ ಪ್ರೆಸ್ ನಿಜವಾಗಿಯೂ ಬೀಗ ಬಿದ್ದು, ವೀಲ್ ನಿಂತು, ಫ್ರೇಮಿನ ಆಚೆ ಬ್ಲಾಕ್ ಇಟ್ಟಿರಬೇಕು. ತಿರುಗುವ ವೀಲನ್ನು ಬೇರೆ ಹೊತ್ತಿನಲ್ಲಿ, ಡೈ ಹತ್ತಿರ ಯಾರೂ ಇಲ್ಲದಾಗ ತೆಗೆದು, ಎಡಿಟಿಂಗ್‌ನಲ್ಲಿ ಸೇರಿಸಿ. ಮೇಲೆ ಕೊಟ್ಟ ಸ್ಕ್ರಿಪ್ಟ್‌ನಲ್ಲಿ ಕ್ಯಾಮೆರಾ ಕೈಯಿಂದ ವೀಲಿಗೆ ಏರುವುದೂ ಎರಡು ಶಾಟ್‌ಗಳ ಜೋಡಣೆಯೇ, ಪ್ರೆಸ್‌ನ ಕಂಬ ಅಡ್ಡ ಬಂದಾಗ ಕತ್ತರಿ ಬೀಳುತ್ತದೆ. ಬೀಗದ ಕೀಲಿ ಕೈ ಚಾಚುವವರ ಜೇಬಿನಲ್ಲೇ ಇರಲಿ, ಕ್ಯಾಮೆರಾದವರ ಬಳಿ ಬೇಡ.

ಒಟ್ಟು ಎಷ್ಟು ಉದ್ದ?

ನಾಲ್ಕು ಭಾಗ, ಪ್ರಶ್ನೆಗಳೂ ಸೇರಿ 12 ನಿಮಿಷದ ಆಸುಪಾಸು. ಇಂಗ್ಲಿಷ್ ಸ್ಕ್ರಿಪ್ಟ್‌ನ ಪದ ಲೆಕ್ಕ ಇಲ್ಲಿ ನಡೆಯದು, ಕನ್ನಡದ ಪದ ಉದ್ದ. ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿ.

ವಿಡಿಯೊ ತೋರಿಸಿ ಸಹಿ ಹಾಕಿಸಿಕೊಂಡರೆ ಕಾನೂನಿಗೆ ಸಾಕೇ?

1948ರ ಕಾರ್ಖಾನೆ ಕಾಯ್ದೆಯ 7ಎ ಕಲಂ ಮಾಹಿತಿ ಮತ್ತು ತರಬೇತಿಯ ಜೊತೆಗೇ ಸುರಕ್ಷಿತ ಯಂತ್ರ ವ್ಯವಸ್ಥೆ, ಮೇಲ್ವಿಚಾರಣೆ ಎರಡನ್ನೂ ಮಾಲೀಕರ ಹೊಣೆ ಮಾಡಿತ್ತು. 21ನೇ ಕಲಂ ಅಪಾಯಕಾರಿ ಭಾಗಗಳಿಗೆ ಗಾರ್ಡ್ ಇರಬೇಕೆಂದಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲೂ ಸುರಕ್ಷಿತ ಕೆಲಸದ ಜಾಗದ ಹೊಣೆ ಮಾಲೀಕರದ್ದೇ. ಗಾರ್ಡ್ ಇಲ್ಲದ ಪ್ರೆಸ್‌ನ ಮುಂದೆ ಕೂತವರ ಸಹಿ ಗಾರ್ಡಿನ ಬದಲಿಗೆ ನಿಲ್ಲುವುದಿಲ್ಲ.

ಕೀ ಕ್ಲಚ್ ಬಿಟ್ಟು ಏರ್ ಕ್ಲಚ್ ಪ್ರೆಸ್ ತಂದರೆ ಇದೇ ವಿಡಿಯೊ ನಡೆಯುತ್ತದೆಯೇ?

ಭಾಗ 1 ಮತ್ತು 4 ನಡೆಯುತ್ತವೆ. ಭಾಗ 2 ಮತ್ತು 3ನ್ನು ಹೊಸದಾಗಿ ಬರೆಯಬೇಕು. ಅಲ್ಲಿ ಕ್ಲಚ್ ಹಿಡಿಯುವುದು ಗಾಳಿಯ ಒತ್ತಡದಿಂದ, ಸ್ಟ್ರೋಕ್ ನಡುವೆಯೂ ನಿಲ್ಲಿಸಬಹುದು, ಎರಡು ಕೈ ಬಟನ್ ಇರುತ್ತದೆ. ಬೀಗ ಹಾಕುವ ಜಾಗ ಎರಡಾಗುತ್ತದೆ: ಎಂಸಿಬಿ ಒಂದು, ಏರ್ ಲೈನಿನ ವಾಲ್ವ್ ಇನ್ನೊಂದು. ವಾಲ್ವ್ ಮುಚ್ಚಿದರೂ ಪ್ರೆಸ್‌ನ ಟ್ಯಾಂಕ್‌ನಲ್ಲಿ ಗಾಳಿ ಉಳಿದಿರುತ್ತದೆ, ಅದನ್ನು ಬಿಟ್ಟು ಗೇಜ್ ಸೊನ್ನೆಗೆ ಬಂದದ್ದನ್ನು ತೋರಿಸಬೇಕು. ವೀಲಿನ ಬಿಳಿ ಪಟ್ಟಿ ಮಾತ್ರ ಅಲ್ಲೂ ಇರಲಿ.